ಅಪ್‌ಡೇಟ್ ಆದಮೇಲೆ ಪಿಎಸ್5 ಕನೆಕ್ಟ್ ಆಗ್ತಿಲ್ಲ

«ತೀರ್ಥಹಳ್ಳಿ ಕಡೆ ನಮ್ಮನೆ. ಅಪ್‌ಡೇಟ್ ಆದಮೇಲೆ ಪಿಎಸ್5 ಸರ್ವರ್‌ಗೆ ಕನೆಕ್ಟ್ ಆಗ್ತಿಲ್ಲ, ಫೋನಲ್ಲಿ ವೈಫೈ ಸರಿಯಿದೆ. ಏನ್ಮಾಡ್ಲಿ?»

ಬಹುಶಃ ಪಿಎಸ್5ನ ಹಳೇ ಕ್ಯಾಶೆ, ಇಲ್ಲಾಂದ್ರೆ ರೂಟರ್. ಮೊದಲು ಫೋನಿನ ಹಾಟ್‌ಸ್ಪಾಟ್‌ಗೆ ಹಾಕಿ ನೋಡಿ. ಅದರಲ್ಲಿ ಕನೆಕ್ಟ್ ಆದರೆ ರೂಟರ್ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಹಾಕಿ, PON ದೀಪ ಮಿನುಗೋದು ನಿಲ್ಲೋವರೆಗೆ ಕಾಯಿರಿ. ಸಣ್ಣ ತೂತಿನ ರೀಸೆಟ್ ಮಾತ್ರ ಒತ್ತಬೇಡಿ. ನಾನು ಒತ್ತಿ, ಪಾಸ್‌ವರ್ಡ್ ಅಳಿಸಿಹೋಗಿ, ಆ ಮಳೇಲಿ ಲೈನಿನವರು ಬರೋಕೆ ಎರಡು ದಿನ ಹಿಡೀತು.

ಹಾಟ್‌ಸ್ಪಾಟಲ್ಲೂ ಆಗದಿದ್ದರೆ ಪಿಎಸ್5 ಪೂರ್ತಿ ಆಫ್ ಮಾಡಿ, ರೆಸ್ಟ್ ಮೋಡ್ ಸಾಲದು. ಪವರ್ ಬಟನ್ ಎರಡನೇ ಬೀಪ್ ಬರೋವರೆಗೆ ಒತ್ತಿ ಹಿಡಿಯಿರಿ. ಕಂಟ್ರೋಲರನ್ನ ಕೇಬಲ್‌ನಲ್ಲಿ ಸಿಕ್ಕಿಸಿ PS ಬಟನ್ ಒತ್ತಿ, 5ನೇ ಆಯ್ಕೆಯೊಳಗೆ `Clear System Software Cache` ಆರಿಸಿ. ಸೇವ್ ಮಾಡಿದ ಆಟ ಹೋಗಲ್ಲ. 6, 7 ಒತ್ತಿದರೆ ಎಲ್ಲಾ ಹೋಗುತ್ತೆ. ಗುಡುಗು ಇದ್ದು ಕರೆಂಟ್ ಹೋಗಿ ಬಂದು ಮಾಡ್ತಿದ್ದರೆ, ನಿಂತಮೇಲೆ ಮಾಡಿ.