ಪ್ಯಾಕೆಟ್ ಬಿಚ್ಚುವ ಮುಂಚೆ ಸ್ಟಾಕ್ ಏರಿಸಬೇಡಿ

"ಆನ್‌ಲೈನ್‌ನಲ್ಲಿ ಕುರ್ತಿ ಮಾರ್ತೀನಿ. ರಿಟರ್ನ್ ಡೆಲಿವರ್ಡ್ ಅಂತ ಬಂದ ತಕ್ಷಣ ಸ್ಟಾಕ್ ಏರಿಸ್ತೀನಿ. ಆದ್ರೂ ರ‍್ಯಾಕ್‌ಗೂ ಸೈಟ್‌ನ ಸೆಲ್ಲರ್ ಪ್ಯಾನೆಲ್‌ಗೂ ಲೆಕ್ಕ ಕೂಡ್ತಿಲ್ಲ. ಯಾಕೆ?"

ಮೇಡಂ, ಡೆಲಿವರ್ಡ್ ಅಂದರೆ ಪ್ಯಾಕೆಟ್ ಬಂತು ಅಂತ ಅಷ್ಟೇ. ಒಳಗೆ ಏನಿದೆ ಅಂತ ಪ್ಯಾನೆಲ್‌ಗೆ ಗೊತ್ತಾಗಲ್ಲ. ನಾವೂ ಮೊದಲು ಹೀಗೇ ಏರಿಸುತ್ತಿದ್ದೆವು. ಇಲ್ಲದ ಪೀಸ್‌ಗೆ ಆರ್ಡರ್ ಬಂದು ಕ್ಯಾನ್ಸಲ್ ಮಾಡಬೇಕಾಗುತ್ತಿತ್ತು.

ಒಂದು ಲೆಕ್ಕ ನೋಡಿ. ಮರೂನ್ ಎಂ ಸೈಜ್ 12 ಇದೆ, ರಿಟರ್ನ್ 5 ಬಂತು. ನೀವು 17 ಅಂತ ಹಾಕುತ್ತೀರಿ. ಬಿಚ್ಚಿದರೆ 3 ಚೆನ್ನಾಗಿವೆ, ಒಂದರ ಕತ್ತಿನ ಹತ್ತಿರ ಪೌಡರ್ ಕಲೆ, ಇನ್ನೊಂದು ಎಲ್ ಸೈಜ್! ಹಾಗಾದರೆ ಎಂ 15, ಎಲ್‌ಗೆ 1 ಸೇರಿಸಿ, ಕಲೆಯದ್ದು ಡ್ಯಾಮೇಜ್ ಡಬ್ಬಕ್ಕೆ. ಸ್ಟಾಕ್ ಏರಿಸುವಾಗ ಬಟ್ಟೆಯ ಕತ್ತಿನಲ್ಲಿ ಹೊಲಿದ ಸೈಜ್ ಲೇಬಲ್ ನೋಡಿ, ಕೊರಿಯರ್ ಲೇಬಲ್ ಅಲ್ಲ.

ಆ ಎಲ್ ಬಂದ ಕೂಡಲೇ ತಪ್ಪು ಮಾಲು ಅಂತ ಸೈಟ್‌ಗೆ ಪರಿಹಾರದ ಕ್ಲೇಮ್ ಹಾಕಬೇಡಿ. ಆರ್ಡರ್ ತೆಗೆದು ನೋಡಿ. ಒಬ್ಬರೇ ಎರಡು ಸೈಜ್ ತರಿಸಿ, ವಾಪಸ್ ಕಳಿಸುವಾಗ ಪ್ಯಾಕೆಟ್ ಅದಲುಬದಲು ಮಾಡಿರಬಹುದು. ಇನ್ನೊಂದು ಪ್ಯಾಕೆಟ್ ನಾಳೆ ಬರಬಹುದು. ಆದರೆ ಕ್ಲೇಮ್‌ನ ಗಡುವು ಮಾತ್ರ ದಾಟಿಸಬೇಡಿ. ಕ್ಲೇಮ್‌ಗೆ ಕೊರಿಯರ್ ಲೇಬಲ್‌ನಿಂದ ಶುರುಮಾಡಿ ಕಟ್ ಇಲ್ಲದೆ ಬಿಚ್ಚುವ ವಿಡಿಯೊ ಇರಲೇಬೇಕು.

ಪೀಸ್ ಮತ್ತೆ ಮಾರಲು ಚೆನ್ನಾಗಿದೆಯಾ ಅಂತ ಗ್ರೇಡ್ ಮಾಡುವುದನ್ನು ಹಗಲು ಬೆಳಕಿನಲ್ಲೇ ಮಾಡಿ. ಹಳದಿ ಬಲ್ಬಿನಲ್ಲಿ ಅರಿಶಿನದ ಕಲೆ ಕಾಣಿಸಲ್ಲ. ಕಂಕುಳ ಮೂಸಿ ನೋಡಿ, ಕತ್ತಿನ ಒಳಭಾಗ ತಿರುಗಿಸಿ. ಟ್ಯಾಗ್ ದಾರ ಕಿತ್ತು ಮತ್ತೆ ಗಂಟು ಹಾಕಿದ್ದರೆ ಹಾಕಿಕೊಂಡಿದ್ದಾರೆ ಅಂತಲೇ ಅನುಮಾನಿಸಿ. ಒಗೆದ ಪೀಸ್‌ಗೆ ಹೊಸ ಟ್ಯಾಗ್ ಹಾಕಿ ಹೊಸದು ಅಂತ ಕಳಿಸುವವರು ನಮ್ಮ ಈ ಮಾರಾಟಗಾರರ ಗುಂಪಿನಲ್ಲೂ ಇದ್ದಾರೆ. ದಯವಿಟ್ಟು ಬೇಡ. ಅಂಥದ್ದನ್ನು ಒಗೆದದ್ದು ಅಂತ ಹೇಳಿ, ಊರಲ್ಲೇ ರೇಟ್ ಕಡಿಮೆ ಮಾಡಿ ಮಾರಿ. ಬರೀ ಸೆಂಟ್ ವಾಸನೆ ಇರುವುದನ್ನು ನಾವು ಗಾಳಿಗೆ ಹಾಕಿ ಮತ್ತೆ ನೋಡುತ್ತೇವೆ. ಕೆಲವು ಸರಿಹೋಗುತ್ತವೆ, ಕೆಲವು ಇಲ್ಲ. ಇದಕ್ಕೆ ಒಳ್ಳೆ ದಾರಿ ಗೊತ್ತಿದ್ದವರು ಹೇಳಿ.

ಗುಂಪಿನಲ್ಲಿ ಒಬ್ಬರು ಆರ್‌ಟಿಒ, ಅಂದರೆ ಗಿರಾಕಿಗೆ ತಲುಪದೆ ವಾಪಸ್ ಬಂದ ಪ್ಯಾಕೆಟ್ ಬಿಚ್ಚುವುದೇ ಬೇಡ ಅಂದಿದ್ದಾರೆ. ಅರ್ಧ ಸರಿ. ನಿಮ್ಮದೇ ಸೀಲ್ ಹಾಗೇ ಇದ್ದರೆ ಮಾಲು ಬದಲಾಗಿರಲ್ಲ. ಆದರೆ ದಾರಿಯಲ್ಲಿ ಮಳೆಗೆ ನೆನೆದಿರಬಹುದು ಅಲ್ವಾ? ಹೇಗೂ ಹಳೇ ಲೇಬಲ್ ಇರುವ ಕವರ್‌ನಲ್ಲಿ ಮತ್ತೆ ಕಳಿಸಲು ಆಗಲ್ಲ, ಬಿಚ್ಚಿಬಿಡಿ.

ಈಗ ತಪ್ಪಿರುವ ಲೆಕ್ಕ ಸರಿಮಾಡಲು ರ‍್ಯಾಕ್ ಎಣಿಸಿ, ಆದರೆ ಆ ಸಂಖ್ಯೆಯನ್ನೇ ನೇರವಾಗಿ ಹಾಕಬೇಡಿ. ರ‍್ಯಾಕ್‌ನಲ್ಲಿ 15 ಇದ್ದು, ಬಂದ ಆರ್ಡರ್ 2 ಇನ್ನೂ ತೆಗೆದಿಡದಿದ್ದರೆ ಪ್ಯಾನೆಲ್‌ಗೆ 13. ನಾಲ್ಕು ಕಡೆ ಮಾರುವವರು ನಾಲ್ಕೂ ಪ್ಯಾನೆಲ್‌ನ ಬಾಕಿ ಆರ್ಡರ್ ಕಳೆಯಬೇಕು. ಎಣಿಸುವಷ್ಟು ಹೊತ್ತು ಆ ಲಿಸ್ಟಿಂಗ್ ನಿಲ್ಲಿಸಿಡಿ.

ರ‍್ಯಾಕ್ ಸ್ಟಿಕ್ಕರ್‌ಗೆ ರಿಬ್ಬನ್ ಹಾಕುವ ಪ್ರಿಂಟರ್ ತಗೊಳ್ಳಿ, ಟಿಎಸ್‌ಸಿ ಕಂಪನಿಯ ರಿಬ್ಬನ್ ಮಾಡೆಲ್ ಸಾಕು, ಜಾಸ್ತಿ ದುಡ್ಡು ಹಾಕಬೇಡಿ. ರಿಬ್ಬನ್ ಇಲ್ಲದ ಥರ್ಮಲ್ ಸ್ಟಿಕ್ಕರ್ ಬಿಸಿಲಿಗೆ ಮಾಸಿ, ಎಂ ಯಾವುದು ಎಲ್ ಯಾವುದು ಅಂತ ತಿಳಿಯಲ್ಲ.