ಮನೆಯಲ್ಲಿ ಸಾವಾಗಿದೆ, ನೋಟಿಸ್ ಅವಧಿ ಮನ್ನಾ ಮಾಡಿ ಎಂದು ಕೇಳಬಹುದಾ?

ಪ್ರಶ್ನೆ: ಅಪ್ಪ ತೀರಿಕೊಂಡರು. ಅಮ್ಮನ ಜೊತೆ ಇರೋಕೆ ಬೇಗ ಬಾಡಿಗೆ ಮನೆ ಬಿಡಬೇಕು. ಅಗ್ರಿಮೆಂಟ್‌ನಲ್ಲಿ 2 ತಿಂಗಳ ನೋಟಿಸ್ ಇದೆ. ಓನರ್ ಬಿಟ್ಟುಕೊಡ್ತಾರಾ?

ಉತ್ತರ: ನಿಮ್ಮ ತಂದೆಯವರ ವಿಷಯ ಕೇಳಿ ತುಂಬಾ ಬೇಜಾರಾಯಿತು.

ಅಗ್ರಿಮೆಂಟ್‌ನಲ್ಲಿ ಇಂಥ ಸಂದರ್ಭಕ್ಕೆ ವಿನಾಯಿತಿ ಬರೆದಿಲ್ಲದಿದ್ದರೆ, ಮನ್ನಾ ಸಾಮಾನ್ಯವಾಗಿ ಓನರ್ ಒಪ್ಪಿಗೆಗೆ ಬಿಟ್ಟದ್ದು. ಆದರೂ ಕೇಳಿ, ತುಂಬಾ ಜನ ಒಪ್ಪುತ್ತಾರೆ.

ಮೊದಲು ಇವತ್ತೇ ಬರವಣಿಗೆಯಲ್ಲಿ ನೋಟಿಸ್ ಕೊಡಿ. ಮನ್ನಾ ಸಿಗುತ್ತಾ ಅಂತ ಕಾಯುತ್ತಾ ಕೂತರೆ ಅಷ್ಟು ದಿನ ಸುಮ್ನೆ ಹೋಗುತ್ತದೆ. ಅದೇ ಪತ್ರದಲ್ಲಿ ಹೀಗೆ ಬರೆಯಿರಿ: "ತಂದೆ ತೀರಿಕೊಂಡಿದ್ದರಿಂದ 15 ದಿನದಲ್ಲಿ ಮನೆ ಖಾಲಿ ಮಾಡಬೇಕಾಗಿದೆ. ದಯವಿಟ್ಟು ಉಳಿದ ನೋಟಿಸ್ ಅವಧಿ ಮನ್ನಾ ಮಾಡಿ. ಅದು ಕಷ್ಟವಾದರೆ, ಹೊಸಬರು ಬರುವ ತನಕದ ಬಾಡಿಗೆ ಮಾತ್ರ ತಗೊಳ್ಳಿ."

ಈ ಕೊನೆಯ ಸಾಲೇ ಜಾಸ್ತಿ ಕೆಲಸ ಮಾಡುವುದು. ಓನರ್‌ಗೆ ಇರುವ ಭಯ ಮನೆ ಖಾಲಿ ಬೀಳುತ್ತದೆ ಅನ್ನುವುದು, ಅಲ್ವಾ? 30ನೇ ದಿನ ಹೊಸಬರು ಬಂದರೆ ಅವರಿಗೆ ನಷ್ಟವಿಲ್ಲ, ನಿಮಗೂ 60 ದಿನದ ಬದಲು 30 ದಿನದ ಬಾಡಿಗೆ ಸಾಕು. ಹಾಗಾಗಿ ಈಗಿನಿಂದಲೇ ಮನೆ ತೋರಿಸಲು ಒಪ್ಪಿಕೊಳ್ಳಿ. ಸಾವಿನ ದಾಖಲೆ ಕೇಳಿದರೆ ಮಾತ್ರ ಕೊಟ್ಟರೆ ಸಾಕು.

ಫೋನಿನಲ್ಲಿ "ಆಯ್ತು, ಪರವಾಗಿಲ್ಲ" ಅಂದರೆ ಅಷ್ಟಕ್ಕೇ ಬಿಡಬೇಡಿ. ಆಮೇಲೆ ಡೆಪಾಸಿಟ್‌ನಲ್ಲಿ ನೋಟಿಸ್ ಬಾಡಿಗೆ ಮುರಿದುಕೊಳ್ಳುವುದು ಇಲ್ಲೇ. ಬಾಡಿಗೆ ಯಾವ ದಿನದವರೆಗೆ, ಡೆಪಾಸಿಟ್ ಎಷ್ಟು, ಯಾವಾಗ ವಾಪಸ್ ಅಂತ ಮೆಸೇಜ್ ಹಾಕಿ, ಅವರಿಂದ ಒಪ್ಪಿಗೆಯ ಉತ್ತರ ಪಡೆಯಿರಿ. ಬೀಗದ ಕೈ ಕೊಟ್ಟ ದಿನವನ್ನೂ ಹಾಗೇ ಬರೆಸಿಕೊಳ್ಳಿ.