ರಜೆ ಕೇಳೋದು ಸರಿ, ಕಾರಣ ಎಷ್ಟು ಹೇಳೋದು?

ಈ ಪ್ರಕರಣದ ಹುಡುಗಿಯನ್ನು ಕಾವ್ಯ ಅನ್ನೋಣ. ಹೆಸರನ್ನೂ ಗುರುತು ಹತ್ತುವ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ವಯಸ್ಸು 27, ಓದಿದ್ದು ಬಿ.ಕಾಂ. ದಕ್ಷಿಣ ಕೊಡಗಿನ ಒಂದು ಕಾಫಿ ತೋಟದ ಆಫೀಸಿನಲ್ಲಿ ರೈಟರ್ ಕೆಲಸ. ಹಾಜರಿ ಪುಸ್ತಕ, ತೂಕದ ಪುಸ್ತಕ, ವಾರದ ಬಟವಾಡೆ ಎಲ್ಲ ಅವಳ ಕೈಯಲ್ಲೇ.

ಕೆಲಸದ ಜೊತೆಗೇ ಓದಿ, ಲೋಕಸೇವಾ ಆಯೋಗದ ಗೆಜೆಟೆಡ್ ಪ್ರೊಬೇಷನರ್ ನೇಮಕಾತಿಯ ಪೂರ್ವಭಾವಿ ಮತ್ತು ಮುಖ್ಯ ಪರೀಕ್ಷೆ ದಾಟಿದ್ದಳು. ವ್ಯಕ್ತಿತ್ವ ಪರೀಕ್ಷೆಗೆ, ಅಂದರೆ ಸಂದರ್ಶನಕ್ಕೆ, ಬೆಂಗಳೂರಿನ ಉದ್ಯೋಗ ಸೌಧಕ್ಕೆ ಬರಬೇಕು ಅಂತ ಪತ್ರ ಬಂದಿತ್ತು. ದಿನ ಜನವರಿಯ ಒಂದು ಶುಕ್ರವಾರ. ರೊಬಸ್ಟಾ ಕುಯ್ಲಿನ ನಡುಮಧ್ಯ. ಶನಿವಾರ ಬಟವಾಡೆ.

ನನ್ನ ಹತ್ತಿರ ಬಂದಾಗ ಅವಳು ಸಂದರ್ಶನದ ಬಗ್ಗೆ ಮಾತೇ ಆಡಲಿಲ್ಲ. "ಮೇಡಂ, ಅಜ್ಜಿಗೆ ಸೀರಿಯಸ್ ಅಂತ ಹೇಳಿಬಿಡ್ಲಾ? ಸಾವ್ಕಾರ್ರಿಗೆ ಗೊತ್ತಾದ್ರೆ ಈಗಲೇ ಬೇರೆಯವ್ರನ್ನ ಹುಡುಕ್ತಾರೆ" ಅಂದಳು. ರಾತ್ರಿ ನಿದ್ದೆ ಇಲ್ಲ, ಪುಸ್ತಕ ತೆಗೆದರೆ ಇದೇ ಯೋಚನೆ.

ಅವಳ ಭಯ ಸುಳ್ಳೇನಲ್ಲ. ಸಂದರ್ಶನಕ್ಕೆ ಕರೆ ಬಂದ ಮಾತ್ರಕ್ಕೆ ಕೆಲಸ ಸಿಕ್ಕ ಹಾಗಲ್ಲ. ಇರುವ ಹುದ್ದೆಗಳಿಗಿಂತ ಜಾಸ್ತಿ ಮಂದಿಯನ್ನೇ ಕರೆಯುತ್ತಾರೆ. ಆಮೇಲೆ ತಾತ್ಕಾಲಿಕ ಪಟ್ಟಿ, ಆಕ್ಷೇಪಣೆ, ಅಂತಿಮ ಪಟ್ಟಿ, ಜಾತಿ ಸಿಂಧುತ್ವ, ಪೊಲೀಸ್ ಪರಿಶೀಲನೆ. ನಡುವೆ ಯಾರಾದರೂ ಕೋರ್ಟಿಗೆ ಹೋದರೆ ಮುಗಿಯಿತು. ಇದೇ ನೇಮಕಾತಿಯ 2011ರ ತಂಡದ 362 ಮಂದಿಯ ಪಟ್ಟಿಯನ್ನು ಸರ್ಕಾರ 2014ರಲ್ಲಿ ಹಿಂದಕ್ಕೆ ಪಡೆದದ್ದು, ಆ ವಿಷಯ ವರ್ಷಗಟ್ಟಲೆ ಎಳೆದದ್ದು ಪರೀಕ್ಷೆ ಬರೆಯುವವರಿಗೆಲ್ಲ ಗೊತ್ತು. ಅಂದರೆ ಇವತ್ತು ಪೂರ್ತಿ ಹೇಳಿದರೆ, ಆ ಮೇಲೆ ಎಷ್ಟೋ ತಿಂಗಳು "ಇವಳು ಹೇಗೂ ಹೋಗುವವಳು" ಅನ್ನಿಸಿಕೊಂಡೇ ಅದೇ ಕುರ್ಚಿಯಲ್ಲಿ ಕೂರಬೇಕು. ಬೋನಸ್, ಸಂಬಳ ಏರಿಕೆ ಎಲ್ಲ ಆ ಕಣ್ಣಿನಿಂದಲೇ ತೂಗಿಸಿಕೊಳ್ಳುತ್ತವೆ.

ಹಾಗಂತ ಅಜ್ಜಿಯ ಕಥೆ ನಡೆಯುತ್ತದಾ? ಕೊಡಗಿನಲ್ಲಿ ಕಷ್ಟ. ಅಜ್ಜಿಗೆ ಸೀರಿಯಸ್ ಅಂದರೆ ಸಾವ್ಕಾರ್ರ ಮನೆಯವರು ಸಂಜೆಯೊಳಗೆ ಫೋನ್ ಮಾಡುತ್ತಾರೆ, ಮರುದಿನ ಹಣ್ಣು ಹಿಡಿದು ಬಂದರೂ ಬಂದರೇ. ಆಗ ಅಮ್ಮನೂ ಸುಳ್ಳು ಹೇಳಬೇಕು, ಅಜ್ಜಿಯೂ ಮಲಗಬೇಕು.

ಅವಳ ಕೈಗೆ ಒಂದು ಹಾಳೆ ಕೊಟ್ಟು, ವಿಷಯ ಈಗಾಗಲೇ ಯಾರ್‍ಯಾರಿಗೆ ಗೊತ್ತು ಬರೆಯಮ್ಮಾ ಅಂದೆ. ಅಮ್ಮ, ಕೋಚಿಂಗ್‌ನ ಗೆಳತಿ, ಬೆಂಗಳೂರಿನಲ್ಲಿರುವ ದೊಡ್ಡಮ್ಮ, ಬ್ಲೌಸ್ ಹೊಲಿಯಲು ಕೊಟ್ಟ ಟೈಲರ್ ಅಕ್ಕ. ಅಲ್ಲಿಗೆ ಪೆನ್ನು ನಿಂತಿತು. ಚಿಕ್ಕಪ್ಪನ ಮಗ ಅವಳ ಫೋಟೋ ಹಾಕಿ "ಆಲ್ ದ ಬೆಸ್ಟ್ ಅಕ್ಕಾ, ತಹಶೀಲ್ದಾರ್" ಅಂತ ವಾಟ್ಸಾಪ್ ಸ್ಟೇಟಸ್ ಹಾಕಿದ್ದ. ತೋಟದ ಜೀಪ್ ಡ್ರೈವರ್ ಅವನ ಕ್ರಿಕೆಟ್ ಟೀಮಿನವನು. ಗುಟ್ಟು ಗೇಟಿನವರೆಗೆ ಬಂದಾಗಿತ್ತು.

ಇಷ್ಟಾದ ಮೇಲೆ ಲೆಕ್ಕ ಬೇರೆ. ಸುಮ್ನೆ ಇರುವುದು ಅವಳ ಹಕ್ಕು. ಆದರೆ ಸುಳ್ಳು ಹೇಳಿ ಸಿಕ್ಕಿಬಿದ್ದರೆ, ಬಟವಾಡೆಯ ದುಡ್ಡು ಎಣಿಸುವವಳ ಮಾತಿಗೇ ಬೆಲೆ ಹೋಗುತ್ತದೆ. ಆಯ್ಕೆ ಆಗದೆ ವಾಪಸ್ ಬಂದರೆ ಅದನ್ನು ಹೊತ್ತುಕೊಂಡೇ ದುಡಿಯಬೇಕು.

ಮುಂದಿನದು ಕಾಗದದ ಪ್ರಶ್ನೆ. ಧಣಿಯ ಸಹಿ ಎಲ್ಲಾದರೂ ಬೇಕಾ? ಆಯೋಗ ತೋಟಕ್ಕೆ ಪತ್ರ ಬರೆಯುತ್ತದೆ ಅಂತ ಅವಳು ಹೆದರಿದ್ದಳು. ನಿರಾಕ್ಷೇಪಣಾ ಪತ್ರದ ಮಾತು ಬರುವುದು ಸರ್ಕಾರಿ ಇಲಾಖೆ, ನಿಗಮ, ಮಂಡಳಿಗಳಲ್ಲಿ ಇರುವವರಿಗೆ. ಖಾಸಗಿ ತೋಟದ ರೈಟರಿಗೆ ಅಲ್ಲ. ಅನುಭವ ಪತ್ರ ಬೇಕಾಗುವುದು ಅನುಭವ ಕೇಳಿರುವ ಹುದ್ದೆಗೆ. ಇಲ್ಲಿ ಕೇಳಿದ್ದು ಪದವಿ ಮಾತ್ರ. ಕರೆಪತ್ರವನ್ನು ಇಬ್ಬರೂ ಕೂತು ಸಾಲು ಸಾಲಾಗಿ ಓದಿದೆವು. ಮೂಲ ದಾಖಲೆಗಳ ಪಟ್ಟಿಯಲ್ಲಿ ಸಾವ್ಕಾರ್ರಿಂದ ತರಬೇಕಾದ್ದು ಒಂದೂ ಇರಲಿಲ್ಲ. ಇದ್ದಿದ್ದರೆ ನನ್ನ ಸಲಹೆಯೇ ಬೇರೆ ಆಗುತ್ತಿತ್ತು: ರಜೆ ಕೇಳುವ ಮುಂಚೆಯೇ ಎಲ್ಲ ಹೇಳಿಬಿಡು ಅನ್ನುತ್ತಿದ್ದೆ. (ಸಂದರ್ಶನದ ಕೊಠಡಿಯಲ್ಲಿ ಮಾತ್ರ ತೋಟದ ಕೆಲಸ ಮುಚ್ಚಿಡಬೇಡ ಅಂದೆ. ಅಲ್ಲಿ ಅದು ಒಳ್ಳೆಯ ಮಾತಿಗೆ ದಾರಿ.)

ಎಷ್ಟು ರಜೆ ಕೇಳಬೇಕು ಅನ್ನುವುದರಲ್ಲೇ ತುಂಬ ಜನ ಎಡವುತ್ತಾರೆ. ಕಾವ್ಯ ಒಂದು ದಿನ ಅಂದುಕೊಂಡಿದ್ದಳು. ಕೊಡಗಿನಲ್ಲಿ ರೈಲಿಲ್ಲ, ಬೆಂಗಳೂರಿಗೆ ಬಸ್ಸಿನಲ್ಲಿ ಆರು ಗಂಟೆಯ ಮೇಲೆ. ರಾತ್ರಿ ಬಸ್ಸಿನಲ್ಲಿ ಹೋಗಿ ಬೆಳಿಗ್ಗೆ ಮಂಡಳಿಯ ಮುಂದೆ ಕೂತರೆ ಕಣ್ಣು ಎಳೆಯುತ್ತದೆ. ಗುರುವಾರ ಮಧ್ಯಾಹ್ನ ಹೊರಟು ದೊಡ್ಡಮ್ಮನ ಮನೆಯಲ್ಲಿ ಮಲಗಿ, ಶುಕ್ರವಾರ ಮುಗಿಸಿ ರಾತ್ರಿ ಬಸ್ ಹಿಡಿದರೆ ಶನಿವಾರ ಬೆಳಿಗ್ಗೆ ಆಫೀಸು. ಹಾಗಾಗಿ ಒಂದೂವರೆ ದಿನ ಕೇಳು, ಒಂದು ದಿನ ಕೇಳಿ ಆಮೇಲೆ ಫೋನಿನಲ್ಲಿ ಎಳೆಯಬೇಡ ಅಂದೆ.

ಸಾವ್ಕಾರ್ರ ನಿಜವಾದ ತಲೆನೋವು ಯಾವುದು ಅಂತಲೂ ಕೇಳಿದೆ. ಅವಳೇ ಹೇಳಿದಳು: ಕುಯ್ಲಿನ ಕೂಲಿ ಕಿಲೋ ಲೆಕ್ಕ. ಶುಕ್ರವಾರದ ತೂಕ ಸರಿಯಾಗಿ ಬರೆಯದಿದ್ದರೆ ಶನಿವಾರ ಲೈನ್ ಮನೆಯವರೆಲ್ಲ ಆಫೀಸಿನ ಮುಂದೆ. ಹಾಗಿದ್ದರೆ ಕಾರಣಕ್ಕಿಂತ ಅದರ ಉತ್ತರವೇ ಮುಖ್ಯ ಅಲ್ವಾ? ಬುಧವಾರದವರೆಗಿನ ಲೆಕ್ಕ ಮುಗಿಸಿಡುವುದು, ಗುರುವಾರ, ಶುಕ್ರವಾರದ ತೂಕವನ್ನು ಮೇಸ್ತ್ರಿ ಬರೆಯುವುದು, ಪ್ರತಿ ಚೀಲದ ಎದುರು ಕುಯ್ದವರ ಹೆಬ್ಬೆಟ್ಟು ಅಥವಾ ಸಹಿ, ಶನಿವಾರ ಬೆಳಿಗ್ಗೆ ಅವಳೇ ಕೂಡಿಸುವುದು. ಇದನ್ನು ಮೇಸ್ತ್ರಿ ಹತ್ತಿರ ಮೊದಲೇ ಮಾತಾಡಿಟ್ಟುಕೊಂಡಳು.

ಚೀಟಿಯಲ್ಲಿ ಬರೆದದ್ದು ಇಷ್ಟೇ: "ಸ್ವಂತ ಕೆಲಸದ ಮೇಲೆ ಬೆಂಗಳೂರಿಗೆ ಹೋಗಬೇಕಾಗಿರುವುದರಿಂದ ಗುರುವಾರ ಮಧ್ಯಾಹ್ನದಿಂದ ಶುಕ್ರವಾರದವರೆಗೆ ರಜೆ ಕೊಡಬೇಕಾಗಿ ಕೋರುತ್ತೇನೆ. ಶನಿವಾರ ಬಟವಾಡೆಗೆ ಹಾಜರಿರುತ್ತೇನೆ." ಕೆಳಗೆ ತೂಕದ ವ್ಯವಸ್ಥೆ ಎರಡು ಸಾಲು. ಹತ್ತು ದಿನ ಮುಂಚೆ, ಕೈಯಲ್ಲೇ ಕೊಡು ಅಂದೆ. ದಿನಾಂಕ ಮುಂದೆ ಹೋಗುವುದೂ ಉಂಟು. ಆಗ ಎರಡನೇ ಸಲ ಕೇಳುವಾಗಲೂ ಇದೇ ಮಾತು ನಿಲ್ಲುತ್ತದೆ, ಅಜ್ಜಿ ಎರಡನೇ ಸಲ ಸೀರಿಯಸ್ ಆಗಬೇಕಿಲ್ಲ.

ನೇರವಾಗಿ ಕೇಳಿದರೆ? ಅದಕ್ಕೂ ಒಂದು ವಾಕ್ಯ ತಯಾರು ಮಾಡಿ, ನಾನು ಸಾವ್ಕಾರ್ರಾಗಿ ಕೂತು ಕೇಳಿದೆ. ಮೊದಲ ಸಲ ಅವಳು ಪೂರ್ವಭಾವಿ ಪರೀಕ್ಷೆಯಿಂದ ಶುರು ಮಾಡಿ ರ್‍ಯಾಂಕಿನವರೆಗೆ ಹೇಳಿ ಕ್ಷಮೆಯನ್ನೂ ಕೇಳಿಬಿಟ್ಟಳು! ಆಮೇಲೆ ಇಳಿಸಿದೆವು.

ಚೀಟಿ ಕೊಟ್ಟಾಗ ಸಾವ್ಕಾರ್ರು ಕೇಳಿಯೇ ಕೇಳಿದರು. "ಏನಮ್ಮಾ, ಗವರ್ನಮೆಂಟ್ ಕೆಲ್ಸನಾ?" ಕಾವ್ಯ "ಹೌದು ಸಾರ್, ಒಂದು ಪರೀಕ್ಷೆ ಬರ್ದಿದ್ದೆ, ಸಂದರ್ಶನಕ್ಕೆ ಕರ್ದಿದ್ದಾರೆ. ಆಗುತ್ತೋ ಇಲ್ವೋ ಗೊತ್ತಿಲ್ಲ. ಆದ್ರೆ ನಿಮಗೇ ಮೊದ್ಲು ಹೇಳ್ತೀನಿ" ಅಂದಳು. ಯಾವ ಹುದ್ದೆ, ಎಷ್ಟು ಅಂಕ ಹೇಳಲಿಲ್ಲ. ಅವರು ಸ್ವಲ್ಪ ಗೊಣಗಿ ಸಹಿ ಹಾಕಿದರು. ಜೊತೆಗೆ, ಆಯ್ಕೆ ಆದರೂ ಕುಯ್ಲಿನ ಮಧ್ಯೆ ಬಿಟ್ಟು ಹೋಗಬಾರದು ಅಂತ ಮಾತು ಕೇಳಿದರು.

ಆ ಮಾತು ಕೊಡಬೇಡ ಅಂದೆ. ನೇಮಕಾತಿ ಆದೇಶದಲ್ಲಿ ವರದಿ ಮಾಡಿಕೊಳ್ಳಲು ಇಂತಿಷ್ಟು ದಿನ ಅಂತ ಇರುತ್ತದೆ, ಹೆಚ್ಚು ಸಮಯ ಕೇಳಬಹುದು, ಕೊಡುವುದು ಬಿಡುವುದು ಇಲಾಖೆಗೆ ಬಿಟ್ಟದ್ದು. ಬದಲಿಗೆ, ಅಂತಿಮ ಪಟ್ಟಿಯಲ್ಲಿ ಹೆಸರು ಬಂದ ವಾರವೇ ತಿಳಿಸುತ್ತೇನೆ, ಹೊಸಬರಿಗೆ ತೂಕದ ಪುಸ್ತಕ ಕಲಿಸಿಕೊಡುತ್ತೇನೆ ಅಂತ ಹೇಳಿದಳು. ಸಾವ್ಕಾರ್ರು ಅಷ್ಟಕ್ಕೆ ಒಪ್ಪಿದ್ದಾರೆ. ಪಟ್ಟಿ ಇನ್ನೂ ಬಂದಿಲ್ಲ.